ಮೊದಲ ಕಂಬಸಾಲಿನ ಸೊನ್ನೆ

ಜಲಚಕ್ರದ ವೇಗನಿಯಂತ್ರಕದ ತೂಗಾಟವು ಅಡಗುವುದೋ, ಬೆಳೆಯುವುದೋ ಎಂಬುದನ್ನು ಅದರ ಸಮೀಕರಣದ ಮೂಲಗಳು ನಿರ್ಣಯಿಸುತ್ತವೆ. ಮೂಲಗಳನ್ನು ಬಿಡಿಸದೆಯೇ ಇದನ್ನು ತಿಳಿಸುವ ಕೋಷ್ಟಕವನ್ನು ರೌತ್ ಎಂಬ ಗಣಿತಜ್ಞರು 1877ರಲ್ಲಿ ಕೊಟ್ಟರು. ಮೊದಲ ಕಂಬಸಾಲಿನಲ್ಲಿ ಚಿಹ್ನೆ ಎಷ್ಟು ಸಲ ಬದಲಾಗುವುದೋ ಅಷ್ಟು ಮೂಲಗಳ ವಾಸ್ತವ ಭಾಗ ಧನವಾಗಿರುತ್ತದೆ. ಅಂಥದು ಒಂದಿದ್ದರೂ ತೂಗಾಟ ಬೆಳೆಯುತ್ತದೆ.

ಅಲ್ಲಿ ಸೊನ್ನೆ ಬಂದರೆ ಭಾಗಾಕಾರವೇ ನಿಲ್ಲುತ್ತದೆ. s⁴+s³+2s²+2s+3=0 ಎಂಬುದನ್ನು ನೋಡೋಣ:

```
s⁴   1   2   3
s³   1   2
s²   0   3
```

ಸೊನ್ನೆಯ ಸ್ಥಾನದಲ್ಲಿ ε ಎಂಬ ಅತ್ಯಲ್ಪ ಧನಸಂಖ್ಯೆಯನ್ನಿಡೋಣ. ಅದರ ಕೆಳಗೆ 2−3/ε ಬರುತ್ತದೆ. ε ಅತಿ ಚಿಕ್ಕದಾದುದರಿಂದ ಇದು ಋಣ. ಕೊನೆಯದು 3. ಚಿಹ್ನೆಗಳು +, +, +, −, +. ಬದಲಾವಣೆ ಎರಡು, ಆದುದರಿಂದ ಅಂಥ ಮೂಲಗಳೂ ಎರಡು, ವ್ಯವಸ್ಥೆ ಅಸ್ಥಿರ. ε ಋಣವೆಂದುಕೊಂಡರೂ ಎರಡೇ ಬರುವುದನ್ನು ವಾಚಕರು ಪರೀಕ್ಷಿಸಬಹುದು.

ಅಡ್ಡಸಾಲೆಲ್ಲವೂ ಸೊನ್ನೆಯಾದರೆ ಮಾತ್ರ ಈ ಉಪಾಯ ಸಲ್ಲದು. ಆಗ ಅದರ ಮೇಲಿನ ಸಾಲಿನಿಂದ ಬಹುಪದವನ್ನು ರಚಿಸಿ, ಅದರ ಅವಕಲನದ ಗುಣಾಂಕಗಳನ್ನು ಆ ಸಾಲಿನಲ್ಲಿ ಬರೆಯಬೇಕು.