ಶಿಫಾರಸು ಪತ್ರದಲ್ಲಿ ಏನಿರಬೇಕು?



ದ್ವಿತೀಯ ಪಿಯುಸಿ ಮುಗಿಸಿ ಹೊರದೇಶದಲ್ಲಿ ಪದವಿ ಓದಬೇಕೆಂದು ಕೇಳಿಕೊಂಡು ಬರುವವರು ಈಗ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದಲೂ ಒಬ್ಬಿಬ್ಬರು ಇರುತ್ತಾರೆ. "ಸರ್, ನನಗೊಂದು ರೆಕಮೆಂಡೇಷನ್ ಲೆಟರ್ ಬೇಕಾಗೈತ್ರಿ, ನಾಳೆ ಕೊಡ್ತೀರೇನ್ರಿ?" ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ನಡತೆ ಪ್ರಮಾಣಪತ್ರ. ಆಫೀಸಿನಲ್ಲಿ ಅಚ್ಚು ಹಾಕಿಟ್ಟ ನಮೂನೆಯಲ್ಲಿ ಹೆಸರು ತುಂಬಿ, ಪ್ರಾಂಶುಪಾಲರ ಸಹಿ ಮಾಡಿಸಿ, ಸೀಲು ಒತ್ತಿ ಕೊಡುವ ಕಾಗದ. ಶಿಫಾರಸು ಪತ್ರ ಅದಲ್ಲ. ಭೌತಶಾಸ್ತ್ರ ಕಲಿಸುವವನಾಗಿ ನಾನು ಈ ಪತ್ರವನ್ನು ಹೇಗೆ ಬರೆಯುತ್ತೇನೆ, ಅದಕ್ಕೆ ನಿಮ್ಮಿಂದ ಏನು ಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಇದು ಯಾಕೆ ಬೇಕು ಎಂಬುದು ತಿಳಿಯಬೇಕು. ಅಮೆರಿಕದ ಬಹಳಷ್ಟು ಕಾಲೇಜುಗಳ ಅರ್ಜಿಗೆ ಕೊನೆಯ ದಿನ ನವೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದೊಳಗೆ ಬರುತ್ತದೆ. ನಮ್ಮ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯುವುದು ಅದಾದ ಮೇಲೆ. ಅಂದರೆ ಅರ್ಜಿ ಹೋಗುವಾಗ ಅವರ ಕೈಯಲ್ಲಿರುವುದು ನಿಮ್ಮ ಎಸ್ಸೆಸ್ಸೆಲ್ಸಿ ಅಂಕ ಮತ್ತು ಪ್ರಥಮ ಪಿಯುಸಿ ಅಂಕ ಮಾತ್ರ. ನಮ್ಮ ಊರು, ನಮ್ಮ ಕಾಲೇಜು ಯಾವುದೂ ಅವರಿಗೆ ಗೊತ್ತಿಲ್ಲ. 91 ಅಂಕ ಬಂದದ್ದು ಬಾಯಿಪಾಠದಿಂದಲೋ ತಿಳಿದು ಬರೆದದ್ದರಿಂದಲೋ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಅದನ್ನು ಕಣ್ಣಾರೆ ಕಂಡವನು ಕಲಿಸಿದ ಶಿಕ್ಷಕ. ಆದ್ದರಿಂದ ಈ ಪತ್ರ ಹೊಗಳಿಕೆಯಲ್ಲ, ಒಂದು ಸಾಕ್ಷಿ. ಸಾಕ್ಷಿ ಹೇಳುವವನು "ಅವನು ಒಳ್ಳೆಯವನು" ಎಂದರೆ ಯಾರೂ ಕೇಳುವುದಿಲ್ಲ. ಏನು ನೋಡಿದೆ, ಯಾವಾಗ ನೋಡಿದೆ, ಎಷ್ಟು ಜನರ ನಡುವೆ ನೋಡಿದೆ ಎಂದು ಹೇಳಬೇಕು.

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕುಷ್ಟಗಿ ತಾಲ್ಲೂಕಿನ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಹೆಸರು ಇಲ್ಲಿ ಬೇಡ. ಅವಳ ಪತ್ರದ ಮೊದಲ ಕರಡಿನಲ್ಲಿ ಎಲ್ಲರೂ ಬರೆಯುವಂಥದೇ ಒಂದು ವಾಕ್ಯವಿತ್ತು: "ಈಕೆ ಬುದ್ಧಿವಂತೆ, ಶ್ರಮಜೀವಿ, ಪ್ರಯೋಗಗಳಲ್ಲಿ ಬಹಳ ಆಸಕ್ತಿ." ಇದರಲ್ಲಿ ಸುಳ್ಳಿಲ್ಲ. ಆದರೆ ಅವಳ ಹೆಸರು ತೆಗೆದು ತರಗತಿಯ ಇನ್ನು ಇಪ್ಪತ್ತು ಜನರ ಹೆಸರು ಹಾಕಿದರೂ ವಾಕ್ಯ ಹಾಗೇ ನಿಲ್ಲುತ್ತದೆ. ವಾಕ್ಯ ಉಳಿಯಬೇಕೋ ಹೋಗಬೇಕೋ ಎಂದು ನೋಡಲು ನಾನು ಬಳಸುವ ಪರೀಕ್ಷೆ ಇದೇ. ಬೇರೆಯವರ ಹೆಸರಿಗೂ ಹೊಂದುವ ವಾಕ್ಯವನ್ನು ತೆಗೆದುಹಾಕುತ್ತೇನೆ.

ಹಾಗಾದರೆ ಅದರ ಜಾಗದಲ್ಲಿ ಏನು ಬರಬೇಕು? ಅವಳ ಲ್ಯಾಬ್ ರೆಕಾರ್ಡ್ ತೆಗೆದು ನೋಡಿದೆ. ಮೀಟರ್ ಬ್ರಿಡ್ಜ್ ಪ್ರಯೋಗ ನಿಮಗೆ ಗೊತ್ತೇ ಇದೆ. ಒಂದು ಕಡೆ ರೆಸಿಸ್ಟೆನ್ಸ್ ಬಾಕ್ಸ್, ಇನ್ನೊಂದು ಕಡೆ ಅಳೆಯಬೇಕಾದ ತಂತಿ, ನಡುವೆ ಗ್ಯಾಲ್ವನೋಮೀಟರ್ ಮುಳ್ಳು ಸೊನ್ನೆಗೆ ನಿಲ್ಲುವ ಜಾಗ. ಬಾಕ್ಸಿನಲ್ಲಿ 1 ಓಮ್ ಇಟ್ಟಾಗ ಅವಳ ತಂತಿಗೆ 6.6 ಓಮ್ ಬಂತು. ಬಾಕ್ಸನ್ನೂ ತಂತಿಯನ್ನೂ ಅದಲುಬದಲು ಮಾಡಿದಾಗ 5.7 ಬಂತು. ಸಾಮಾನ್ಯವಾಗಿ ಇಲ್ಲಿ ಸರಾಸರಿ ಹಾಕಿ, 6.15 ಎಂದು ಬರೆದು, ರೆಕಾರ್ಡಿಗೆ ಸಹಿ ಮಾಡಿಸಿಕೊಂಡು ಹೋಗುತ್ತಾರೆ. ಒಂದೇ ತಂತಿಗೆ ಎರಡು ಉತ್ತರ ಯಾಕೆ ಬಂತು ಎಂದು ಅವಳು ಕೇಳಿದಳು. ಮರುದಿನ ಲ್ಯಾಬ್ ಅಟೆಂಡರ್ ಅವರನ್ನು ಕೇಳಿಕೊಂಡು ಬಾಕ್ಸಿನಲ್ಲಿ 6 ಓಮ್ ಇಟ್ಟು ಮತ್ತೆ ಅಳೆದಳು. ಮುಳ್ಳು ಸೊನ್ನೆಗೆ ನಿಲ್ಲುವ ಜಾಗ ಈಗ ತಂತಿಯ ನಡುಭಾಗಕ್ಕೆ ಬಂತು. ಎರಡು ಉತ್ತರಗಳು 6.3 ಮತ್ತು 5.9. ಅಂತರ 0.9ರಿಂದ 0.4ಕ್ಕೆ ಇಳಿಯಿತು, ಸರಾಸರಿ ಮಾತ್ರ 6.1ರ ಆಸುಪಾಸಿನಲ್ಲೇ ನಿಂತಿತು. ರೆಕಾರ್ಡಿನ ಅಂಚಿನಲ್ಲಿ ಪೆನ್ಸಿಲ್‌ನಿಂದ "ತಪ್ಪು ತುದಿಯಲ್ಲಿದೆ, ನಡುವೆ ಅಳೆದರೆ ಅದರ ಪರಿಣಾಮ ಕಡಿಮೆ" ಎಂದು ಬರೆದಿದ್ದಳು.

ಪತ್ರದಲ್ಲಿ ನಾನು ಬರೆದದ್ದು ಇಷ್ಟನ್ನೇ. ಪತ್ರ ಇಂಗ್ಲಿಷಿನಲ್ಲಿ ಹೋಗುತ್ತದೆ, ಅದರ ತಿರುಳು ಕನ್ನಡದಲ್ಲಿ ಹೀಗೆ: "ಒಂದೇ ತಂತಿಗೆ ಎರಡು ಬೇರೆ ಉತ್ತರ ಬಂದಾಗ ಈಕೆ ಸರಾಸರಿಗೆ ತೃಪ್ತಳಾಗಲಿಲ್ಲ. ಯಾರೂ ಹೇಳದೆ ಮರುದಿನ ಪ್ರಯೋಗವನ್ನು ಬದಲಿಸಿ ಮಾಡಿ, ದೋಷ ಎಲ್ಲಿದೆ ಎಂದು ತೋರಿಸಿದಳು. ಆ ವರ್ಷ ಈ ಪ್ರಯೋಗ ಮಾಡಿದ ಅರವತ್ತು ಜನರಲ್ಲಿ ಹೀಗೆ ಮಾಡಿದವಳು ಇವಳೊಬ್ಬಳೇ." ಇಲ್ಲಿ ಬುದ್ಧಿವಂತೆ ಎಂಬ ಶಬ್ದವೇ ಇಲ್ಲ. ಓದುವವರು ತಾವಾಗಿಯೇ ಆ ತೀರ್ಮಾನಕ್ಕೆ ಬರುತ್ತಾರೆ.

ಎರಡನೆಯ ಗುಣ ಇತರರೊಂದಿಗೆ ಹೇಗಿರುತ್ತಾಳೆ ಎಂಬುದು. "ಸಹಾಯ ಮಾಡುವ ಸ್ವಭಾವ" ಎಂದು ಬರೆದರೆ ಮತ್ತೆ ಅದೇ ಕಥೆ. ನಡೆದದ್ದು ಹೀಗಿತ್ತು. ಸಂಜೆ ಬಸ್ಸಿಗೆ ಕಾಯುವ ಒಂದು ಗಂಟೆಯಲ್ಲಿ, ಕನ್ನಡ ಮಾಧ್ಯಮದಿಂದ ಬಂದವರಿಗೆ ತೊಡಕಾಗುವ ಇಂಗ್ಲಿಷ್ ಪಾರಿಭಾಷಿಕ ಪದಗಳಿಗೆ ಅವಳು ಕನ್ನಡ ಅರ್ಥ ಬರೆದು ನಾಲ್ಕು ಪುಟದ ಪಟ್ಟಿ ಮಾಡಿದ್ದಳು. ಅದರ ಜೆರಾಕ್ಸ್ ಪ್ರತಿಗಳು ತರಗತಿಯಲ್ಲಿ ಓಡಾಡಿದವು. ಮುಂದಿನ ವರ್ಷದ ಪ್ರಥಮ ಪಿಯುಸಿಯವರಿಗೆ ನಾನೂ ಅದನ್ನೇ ಹಂಚಿದೆ. ಪತ್ರದಲ್ಲಿ ಈ ಕೊನೆಯ ಸಂಗತಿ ಮುಖ್ಯ, ಯಾಕೆಂದರೆ ಅವಳ ಕೆಲಸ ಅವಳು ಎದುರಿಗಿಲ್ಲದಾಗಲೂ ಉಪಯೋಗಕ್ಕೆ ಬಂತು ಎಂಬುದಕ್ಕೆ ಅದು ಪುರಾವೆ.

ಮೂರನೆಯದು ಕೊರತೆ. ಕೊರತೆ ಬರೆದರೆ ಸೀಟು ಹೋಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಆದರೆ ಒಂದೂ ಕೊರತೆ ಇಲ್ಲದ ಪತ್ರವನ್ನು ಓದುವವರು ನಂಬುವುದು ಕಷ್ಟ. ಈ ವಿದ್ಯಾರ್ಥಿನಿಗೆ ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಕೆಯಿತ್ತು. ಪ್ರಥಮ ಪಿಯುಸಿಯ ಸೆಮಿನಾರಿನಲ್ಲಿ ಕಾಗದ ನೋಡಿ ಓದಿ ಕುಳಿತಳು. ದ್ವಿತೀಯ ಪಿಯುಸಿಯಲ್ಲಿ ಕಾಗದವಿಲ್ಲದೆ ಬೋರ್ಡಿನ ಮುಂದೆ ಹತ್ತು ನಿಮಿಷ ಮಾತಾಡಿ, ಮೂರು ಪ್ರಶ್ನೆಗೆ ಉತ್ತರ ಕೊಟ್ಟಳು. ವ್ಯಾಕರಣ ತಪ್ಪಿತ್ತು, ಭೌತಶಾಸ್ತ್ರ ತಪ್ಪಿರಲಿಲ್ಲ. ಕೊರತೆಯನ್ನು ಹೀಗೆ ಎಲ್ಲಿಂದ ಎಲ್ಲಿಗೆ ಬಂತು ಎಂದು ಬರೆದರೆ ಅದೂ ಒಂದು ಸಾಕ್ಷಿಯಾಗುತ್ತದೆ.

ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದರಿಂದ ಪತ್ರದ ತೂಕ ಕಡಿಮೆಯಾಗುವುದಿಲ್ಲ. ಗಣಿತಜ್ಞ ರಾಮಾನುಜನ್ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತರಾಗಿದ್ದಾಗ, 1913ರ ಫೆಬ್ರವರಿಯಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಅವರ ಟಿಪ್ಪಣಿಗಳನ್ನು ನೋಡಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಸ್ವಂತಿಕೆಯಲ್ಲಿ ಈ ಕೆಲಸ ಕೇಂಬ್ರಿಡ್ಜಿನ ಗಣಿತದ ಫೆಲೋ ಒಬ್ಬರ ಕೆಲಸಕ್ಕೆ ಹೋಲಿಸಬಹುದಾದದ್ದು ಎಂದರು. ಹೋಲಿಕೆ ಯಾರೊಂದಿಗೆ ಎಂಬುದು ಸ್ಪಷ್ಟ. ಜೊತೆಗೆ ಗಣಿತದ ಆ ಶಾಖೆಯಲ್ಲಿ ತಾನು ಪರಿಣತನಲ್ಲವೆಂದೂ ಬರೆದರು. ವಿಶ್ವವಿದ್ಯಾಲಯ ರಾಮಾನುಜನ್ ಅವರಿಗೆ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷ ವೇತನ ಕೊಟ್ಟಿತು. ಮರುವರ್ಷ ಕೇಂಬ್ರಿಡ್ಜಿನ ಇ. ಎಚ್. ನೆವಿಲ್ ಮದ್ರಾಸಿನಿಂದಲೇ ಬರೆದ ಇನ್ನೊಂದು ಪತ್ರದ ನಂತರ ಇಂಗ್ಲೆಂಡಿಗೆ ಹೋಗಲು ಹಣ ಮಂಜೂರಾಯಿತು.

ಈಗಿನ ಅರ್ಜಿಗಳಲ್ಲಿಯೂ ಇದಕ್ಕೆ ಜಾಗವಿದೆ. ಅಮೆರಿಕದ ನೂರಾರು ಕಾಲೇಜುಗಳಿಗೆ ಒಂದೇ ಅರ್ಜಿ ಕಳಿಸುವ ಕಾಮನ್ ಆ್ಯಪ್‌ನಲ್ಲಿ ಶಿಕ್ಷಕರಿಗೆ ಪತ್ರದ ಜೊತೆಗೆ ಒಂದು ಕೋಷ್ಟಕ ಬರುತ್ತದೆ. ಬರವಣಿಗೆ, ಪ್ರಾಮಾಣಿಕತೆ, ಸೋಲನ್ನು ಎದುರಿಸುವ ರೀತಿ ಮುಂತಾದ ಗುಣಗಳ ಮುಂದೆ ಸಾಮಾನ್ಯ, ಉತ್ತಮ, ಮೊದಲ 10 ಶೇಕಡಾ, ಮೊದಲ 5 ಶೇಕಡಾ, ಮೊದಲ 1 ಶೇಕಡಾ ಎಂಬ ಮನೆಗಳಿವೆ. "ಹೇಳಲು ಆಧಾರವಿಲ್ಲ" ಎಂಬ ಮನೆಯೂ ಇದೆ. ಅರವತ್ತು ಜನರ ತರಗತಿಯಲ್ಲಿ ಮೊದಲ 5 ಶೇಕಡಾ ಎಂದರೆ ಮೂರೇ ಜನ. ಮೊದಲ 1 ಶೇಕಡಾ ಎಂದರೆ ಸುಮಾರು ಎರಡು ವರ್ಷಕ್ಕೊಬ್ಬರು. ಎಲ್ಲದಕ್ಕೂ ಕೊನೆಯ ಮನೆಗೇ ಗುರುತು ಹಾಕಿದರೆ ಕೋಷ್ಟಕ ಏನನ್ನೂ ಹೇಳುವುದಿಲ್ಲ. ಆ ವಿದ್ಯಾರ್ಥಿನಿಗೆ ಪ್ರಯೋಗದ ಸ್ವಂತಿಕೆಯಲ್ಲಿ ಮೊದಲ 1 ಶೇಕಡಾ, ತರಗತಿಯ ಚರ್ಚೆಯಲ್ಲಿ ಉತ್ತಮ, ಬರವಣಿಗೆಯಲ್ಲಿ ಆಧಾರವಿಲ್ಲ ಎಂದು ಹಾಕಿದೆ. ಅವಳ ಪ್ರಬಂಧಗಳನ್ನು ನಾನು ಓದಿಲ್ಲ, ಓದಿದವರು ಭಾಷಾ ಉಪನ್ಯಾಸಕರು. ಅದಕ್ಕೇ ಎಂಐಟಿಯಂಥ ಸಂಸ್ಥೆ ಗಣಿತ ಅಥವಾ ವಿಜ್ಞಾನದ ಒಬ್ಬರಿಂದ, ಭಾಷೆ ಅಥವಾ ಸಮಾಜ ವಿಷಯದ ಒಬ್ಬರಿಂದ ಹೀಗೆ ಎರಡು ಪತ್ರ ಕೇಳುತ್ತದೆ.

ಬ್ರಿಟನ್ನಿನ ಕ್ರಮ ಸ್ವಲ್ಪ ಬೇರೆ. ಅಲ್ಲಿ ಯುಕಾಸ್ ಮೂಲಕ ಹೋಗುವ ಅರ್ಜಿಗೆ ಒಂದೇ ಶಿಫಾರಸು. 2024ರ ಪ್ರವೇಶದಿಂದ ಅದನ್ನು ಮೂರು ಭಾಗ ಮಾಡಿದ್ದಾರೆ: ಕಾಲೇಜಿನ ಪರಿಚಯ, ಓದಿಗೆ ಅಡ್ಡಿಯಾದ ಸಂದರ್ಭಗಳು, ವಿದ್ಯಾರ್ಥಿಯ ಬಗ್ಗೆ ತಿಳಿಯಬೇಕಾದ ಇತರ ಸಂಗತಿ. ಕಾಯಿಲೆಯಿಂದಲೋ ಮನೆಯ ಸಾವಿನಿಂದಲೋ ತಿಂಗಳುಗಟ್ಟಲೆ ತರಗತಿ ತಪ್ಪಿದ್ದರೆ ಎರಡನೆಯ ಭಾಗದಲ್ಲಿ ಬರೆಯಬಹುದು. ಆದರೆ ನಿಮ್ಮ ಒಪ್ಪಿಗೆಯಿಲ್ಲದೆ ನಾವು ಅದನ್ನು ಬರೆಯುವುದಿಲ್ಲ.

ಇನ್ನು ನಿಮ್ಮ ಪಾಲಿನ ಕೆಲಸ. "ಸರ್, ನಾನೇ ಬರ್ಕೊಂಡು ಬರ್ತೀನ್ರಿ, ನೀವು ಸಹಿ ಮಾಡ್ರಿ" ಎಂದು ಕೆಲವರು ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ವಿದ್ಯಾರ್ಥಿಯ ಪ್ರಬಂಧದ ಭಾಷೆಯೂ ಶಿಕ್ಷಕರ ಪತ್ರದ ಭಾಷೆಯೂ ಒಂದೇ ಆಗಿದ್ದರೆ ಓದುವವರಿಗೆ ತಿಳಿಯುತ್ತದೆ, ಆಗ ಪೂರ್ತಿ ಅರ್ಜಿಯೇ ಅನುಮಾನಕ್ಕೆ ಬೀಳುತ್ತದೆ. ಪತ್ರ ಬೇಡ, ನೆನಪು ತಂದುಕೊಡಿ. ಒಂದು ಹಾಳೆಯಲ್ಲಿ ನನ್ನ ತರಗತಿಯಲ್ಲಿ ನಡೆದ ಎರಡು ಮೂರು ಘಟನೆ, ಯಾವ ತಿಂಗಳು, ಏನು ಮಾಡಿದಿರಿ, ಏನಾಯಿತು, ಯಾವ ವಿಷಯ ಓದಬೇಕೆಂದಿದ್ದೀರಿ ಎಂಬುದನ್ನು ಬರೆಯಿರಿ. ಕನ್ನಡದಲ್ಲಿದ್ದರೂ ಸರಿ. ಲ್ಯಾಬ್ ರೆಕಾರ್ಡ್ ಜೊತೆಗಿರಲಿ. ನೂರಾರು ಮಕ್ಕಳಿಗೆ ಕಲಿಸುವ ನಮಗೆ ಎಲ್ಲವೂ ನೆನಪಿರುವುದಿಲ್ಲ. ನೀವು ಬರೆದ ಘಟನೆಯನ್ನು ನಾನು ನೋಡಿದ್ದರೆ ಮಾತ್ರ ಪತ್ರಕ್ಕೆ ಸೇರುತ್ತದೆ.

ಅರ್ಜಿಯಲ್ಲಿ "ಈ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ?" ಎಂಬ ಪ್ರಶ್ನೆಯೂ ಬರುತ್ತದೆ. ಅಮೆರಿಕದ 1974ರ ಕಾನೂನೊಂದರಿಂದ ಬಂದ ಪ್ರಶ್ನೆ ಅದು. ಬಿಟ್ಟುಕೊಟ್ಟರೆ ಪತ್ರವನ್ನು ಶಿಕ್ಷಕರು ಮುಕ್ತವಾಗಿ ಬರೆದಿದ್ದಾರೆಂದು ಓದುವವರಿಗೆ ಭರವಸೆ ಬರುತ್ತದೆ. ಹಾಗೆ ಬಿಟ್ಟುಕೊಡಲು ಧೈರ್ಯ ಬರದಿದ್ದರೆ ಆ ಶಿಕ್ಷಕರ ಬದಲು ನಿಮ್ಮನ್ನು ಚೆನ್ನಾಗಿ ಬಲ್ಲ ಇನ್ನೊಬ್ಬರನ್ನು ಕೇಳುವುದು ಮೇಲು.

ಕೊನೆಯದಾಗಿ ಸಮಯ. ನವೆಂಬರ್ ಗಡುವಿನ ಅರ್ಜಿಗೆ ಪತ್ರ ಬೇಕಾದವರು ಸೆಪ್ಟೆಂಬರಿನಲ್ಲೇ ಹಾಳೆ ತಂದುಕೊಡಬೇಕು, ಯಾಕೆಂದರೆ ಅಕ್ಟೋಬರಿನಲ್ಲಿ ದಸರಾ ರಜೆ, ಮಧ್ಯವಾರ್ಷಿಕ ಪರೀಕ್ಷೆಯ ಮೌಲ್ಯಮಾಪನ ಎಲ್ಲ ಬರುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಅಥವಾ ಬ್ರಿಟನ್ನಿನಲ್ಲಿ ವೈದ್ಯಕೀಯ ಓದಬೇಕೆನ್ನುವವರ ಗಡುವು ಅಕ್ಟೋಬರ್ 15ರ ಆಸುಪಾಸು. ಅಂಥವರು ಆಗಸ್ಟಿನಲ್ಲೇ ಸ್ಟಾಫ್ ರೂಮಿಗೆ ಬರಲಿ.