ಪಕ್ಕದ ಮನೆಗೊಂದು ಗೆದ್ದಲಿನ ಚೀಟಿ

"ಅಂಕಲ್, ಆಂಟಿ, ನಮ್ಮ ಬೆಡ್‌ರೂಮಿನ ವಾರ್ಡ್‌ರೋಬ್ ಹಿಂದೆ, ನಿಮ್ಮ ಹಾಲ್‌ಗೆ ಅಂಟಿಕೊಂಡಿರುವ ಗೋಡೆಯಲ್ಲಿ ಗೆದ್ದಲು ಹಿಡಿದಿದೆ. ನೆಲದ ಸ್ಕರ್ಟಿಂಗ್‌ನಿಂದ ಹೊರಟ ಮಣ್ಣಿನ ಗೆರೆ ಸ್ವಿಚ್ ಬೋರ್ಡ್‌ವರೆಗೆ ಹತ್ತಿ ಅದರೊಳಗೆ ಸೇರಿಕೊಂಡಿದೆ. ಆ ಬೋರ್ಡಿನ ಬೆನ್ನಿಗೇ ನಿಮ್ಮ ಟಿ.ವಿ. ಪಾಯಿಂಟ್ ಇರುವುದರಿಂದ ನಿಮ್ಮ ಕಡೆಗೂ ಬಂದಿರಬಹುದು. ಟಿ.ವಿ. ಯೂನಿಟ್ ಹಿಂದೆ, ಬಾಗಿಲ ಚೌಕಟ್ಟಿನ ಬುಡದಲ್ಲಿ ಒಮ್ಮೆ ಟಾರ್ಚ್ ಹಾಕಿ ನೋಡುತ್ತೀರಾ? ಏನಾದರೂ ಕಂಡರೆ ದಯವಿಟ್ಟು ಒರೆಸಬೇಡಿ, ಸೀಮೆಎಣ್ಣೆ, ಜಿರಳೆ ಸ್ಪ್ರೇ ಯಾವುದನ್ನೂ ಹಾಕಬೇಡಿ. ಒಂದು ಫೋಟೊ ತೆಗೆದಿಟ್ಟರೆ ಸಾಕು. ಶನಿವಾರ ಬೆಳಿಗ್ಗೆ ಪೆಸ್ಟ್ ಕಂಟ್ರೋಲ್‌ನವರು ನೋಡಲು ಬರುತ್ತಾರೆ. ನಿಮಗೆ ತೊಂದರೆ ಇಲ್ಲದಿದ್ದರೆ ನಿಮ್ಮ ಹಾಲನ್ನೂ ತೋರಿಸೋಣ. ಔಷಧಿ ಹೊಡೆಸುವುದಾದರೆ ಎರಡೂ ಕಡೆ ಒಂದೇ ದಿನ ಹೊಡೆಸುವುದು ಒಳ್ಳೆಯದು. ಖರ್ಚಿನ ವಿಷಯ ಅಸೋಸಿಯೇಷನ್ ಸೆಕ್ರೆಟರಿಯವರ ಎದುರಿಗೇ ಮಾತಾಡೋಣ."

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಮೂರಂತಸ್ತಿನ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿರುವ ಎರಡು ಮನೆಗಳ ನಡುವೆ ಹೀಗೊಂದು ಚೀಟಿ ಓಡಾಡಿತು ಎಂದುಕೊಳ್ಳಿ. ನನ್ನ ಮಟ್ಟಿಗೆ ಇದು ಬಹಳ ಒಳ್ಳೆಯ ಚೀಟಿ. "ಗೆದ್ದಲು ನಿಮ್ಮ ಮನೆಯಿಂದ ನಮ್ಮ ಮನೆಗೆ ಬಂದಿದೆ" ಎಂಬ ಒಂದು ಮಾತು ಇದರಲ್ಲಿ ಇಲ್ಲ. ಸಾಮಾನ್ಯವಾಗಿ ಮೊದಲು ಬಾಯಿಗೆ ಬರುವುದು ಅದೇ. ಅದು ಒರಟು ಮಾತು ಎನ್ನುವುದಕ್ಕಿಂತ ಹೆಚ್ಚಾಗಿ, ಬಹುಪಾಲು ಸಂದರ್ಭಗಳಲ್ಲಿ ತಪ್ಪು ಮಾತು.

ನಮ್ಮ ಕಟ್ಟಡಗಳನ್ನು ಕಾಡುವ ಗೆದ್ದಲಿನ ಬಹುಪಾಲು ನೆಲದೊಳಗೆ ವಾಸಿಸುವ ಜಾತಿ. ರಾಣಿ, ಮರಿ, ಮೊಟ್ಟೆ ಎಲ್ಲ ಇರುವುದು ಮಣ್ಣಿನಲ್ಲಿ. ಮನೆಯೊಳಗೆ ನಮಗೆ ಸಿಗುವುದು ತಿಂಡಿ ಹುಡುಕಿಕೊಂಡು ಬಂದ ಕೆಲಸಗಾರ ಹುಳುಗಳು ಮಾತ್ರ. ಅವುಗಳ ಮೈ ಮೆತ್ತಗೆ, ತೊಗಲು ತೆಳು. ಒಣ ಗಾಳಿಗೆ ಬಿದ್ದರೆ ಬೇಗ ಒಣಗಿ ಸಾಯುತ್ತವೆ, ಇರುವೆಯ ಕಣ್ಣಿಗೆ ಬಿದ್ದರಂತೂ ಮುಗಿಯಿತು. ಹೀಗಾಗಿ ಮಣ್ಣಿನ ಕಣಕ್ಕೆ ಎಂಜಲು, ಹಿಕ್ಕೆ ಬೆರೆಸಿ ಮೆತ್ತುತ್ತಾ ಒಂದು ಮುಚ್ಚಿದ ಹಾದಿ ಕಟ್ಟಿಕೊಂಡೇ ಮುಂದೆ ಹೋಗುತ್ತವೆ. ಗೋಡೆಯ ಮೇಲೆ ಪೆನ್ಸಿಲ್ಲಿನಷ್ಟು ಅಗಲಕ್ಕೆ ಕಾಣುವ ಕಂದು ಗೆರೆ ಅದೇ. ನೆಲದಡಿಯಿಂದ ಒಂದು ಹಾದಿ ಗೋಡೆಯ ಬುಡಕ್ಕೆ ಬಂದು ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಕವಲು ಒಡೆದಿರುತ್ತದೆ. ಎಡದ ಮನೆಯವರು ಇವತ್ತು ನೋಡಿದರು, ಬಲದ ಮನೆಯವರು ಮೂರು ತಿಂಗಳು ಬಿಟ್ಟು ನೋಡಿದರು. ಅಷ್ಟಕ್ಕೇ ಎಡದವರದು ತಪ್ಪು ಎಂದರೆ ಹೇಗೆ?

ಸಿಮೆಂಟ್ ಗೋಡೆಯನ್ನು ಗೆದ್ದಲು ತಿನ್ನುವುದಿಲ್ಲ, ಅದಕ್ಕೆ ಅದರ ಅಗತ್ಯವೂ ಇಲ್ಲ. ಒಂದು ಮಿಲಿಮೀಟರ್‌ಗಿಂತ ಸಣ್ಣ ಬಿರುಕು ಇದ್ದರೆ ನುಸುಳಿಕೊಳ್ಳುತ್ತದೆ. ಇಬ್ಬರಿಗೂ ಸೇರಿದ ಗೋಡೆಯಲ್ಲಂತೂ ದಾರಿಗಳಿಗೆ ಬರವಿಲ್ಲ. ಹಾಲೋ ಬ್ಲಾಕ್‌ನಲ್ಲಿ ಕಟ್ಟಿದ್ದರೆ ಬ್ಲಾಕಿನ ಒಳಗಿನ ಟೊಳ್ಳು ಒಂದರ ಮೇಲೊಂದು ಕೂತು ಬುಡದಿಂದ ಮೇಲಕ್ಕೆ ಕತ್ತಲೆಯ ಓಣಿಯೇ ಸಿದ್ಧವಾಗಿರುತ್ತದೆ. ಗೋಡೆಯೊಳಗೆ ವೈರ್ ಎಳೆಯಲು ಕೂರಿಸಿದ ಪೈಪು, ಅದರ ತುದಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಸ್ವಿಚ್ ಬಾಕ್ಸು, ನೀರಿನ ಕೊಳವೆ ಹಾಯುವಲ್ಲಿ ಸರಿಯಾಗಿ ಮುಚ್ಚದೆ ಬಿಟ್ಟ ಸಂದು, ಎಲ್ಲವೂ ಅದಕ್ಕೆ ರಸ್ತೆಯೇ. ಗೋಡೆಯ ಎರಡೂ ಬದಿಗೆ ಪ್ಲೈವುಡ್ ವಾರ್ಡ್‌ರೋಬ್, ಟಿ.ವಿ. ಯೂನಿಟ್ ಒತ್ತಿ ನಿಲ್ಲಿಸುವುದು ನಮ್ಮಲ್ಲಿ ಮಾಮೂಲು. ಬೆಳಕಿಲ್ಲ, ಗಾಳಿಯಿಲ್ಲ, ಊಟ ಪಕ್ಕದಲ್ಲೇ. ಜೊತೆಗೆ ಬಾತ್‌ರೂಮಿನಿಂದ ಸ್ವಲ್ಪ ಸೋರಿಕೆಯೂ ಇದ್ದರೆ ಕುಡಿಯಲು ನೀರೂ ಸಿಕ್ಕಿತು.

ಹಾಗಾದರೆ ಒರೆಸಬೇಡಿ, ಸೀಮೆಎಣ್ಣೆ ಹಾಕಬೇಡಿ ಎಂದು ಚೀಟಿ ಅಷ್ಟು ಒತ್ತಿ ಹೇಳುವುದೇಕೆ? ಗೆರೆ ಕಂಡ ಕೂಡಲೇ ಪೊರಕೆಯಿಂದ ಕೆರೆದು, ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಮೇಲೊಂದು ಕೋಟ್ ಬಣ್ಣ ಹೊಡೆದುಬಿಡುವುದು ನಮ್ಮ ಮನೆಗಳಲ್ಲಿ ನಡೆದುಬಂದ ಮದ್ದು. ಸೀಮೆಎಣ್ಣೆ ತಾಗಿದ ಹುಳು ಸಾಯುವುದು ನಿಜ. ಮಣ್ಣಿನಲ್ಲಿರುವ ಉಳಿದ ಗೂಡಿಗೆ ಅದರಿಂದ ಏನೂ ಆಗುವುದಿಲ್ಲ. ವಾಸನೆ ಬಂದ ಕಡೆಯ ಹಾದಿ ಬಿಟ್ಟು ಗೆದ್ದಲು ಇನ್ನೊಂದು ಕವಲು ತೆರೆಯುತ್ತದೆ, ಆ ಕವಲು ಬಹಳ ಸಲ ಗೋಡೆಯ ಆಚೆ ಬದಿಗೇ ಇರುತ್ತದೆ. ಜಿರಳೆ, ಸೊಳ್ಳೆಗೆ ಹೊಡೆಯುವ ಸ್ಪ್ರೇ ಕೂಡ ಅದನ್ನು ಓಡಿಸುತ್ತದೆಯೇ ಹೊರತು ಗೂಡಿಗೆ ಮುಟ್ಟುವುದಿಲ್ಲ. ಪಕ್ಕದ ಮನೆಯವರಿಗೆ ಸುಳಿವೇ ಕೊಡದೆ ನಮ್ಮ ಗೋಡೆಯನ್ನಷ್ಟೇ ಚೊಕ್ಕ ಮಾಡಿಕೊಂಡರೆ ನಾವು ಮಾಡಿದ ಕೆಲಸ ಗೆದ್ದಲನ್ನು ಅವರ ಹಾಲ್‌ಗೆ ಕಳಿಸಿಕೊಟ್ಟಿದ್ದು. ಇನ್ನೊಂದು ನಷ್ಟವೂ ಇದೆ. ನೋಡಲು ಬಂದವನಿಗೆ ಹಾದಿ ಎಲ್ಲಿಂದ ಎದ್ದಿದೆ ಎಂದು ತಿಳಿಯುವುದು ಆ ಗೆರೆಯಿಂದಲೇ. ಅದನ್ನು ಅಳಿಸಿದರೆ ಆತ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಡ್ರಿಲ್ ಮಾಡಬೇಕು.

ಶನಿವಾರದ ತಪಾಸಣೆಗೆ ಮೊದಲು ಮನೆಯವರೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಗೆರೆಯ ನಡುವೆ ಒಂದಂಗುಲ ಉದ್ದ ಮಾತ್ರ ಉಗುರಿನಿಂದ ಒಡೆದು ನೋಡಿ. ಅಕ್ಕಿ ನುಚ್ಚಿನ ಬಣ್ಣದ ಹುಳು ಹರಿದಾಡಿದರೆ ಅನುಮಾನವೇ ಬೇಡ. ಖಾಲಿ ಕಂಡರೆ ಸತ್ತಿದೆ ಎಂದು ತೀರ್ಮಾನಿಸಬಾರದು, ಆ ಹೊತ್ತಿಗೆ ಅಲ್ಲಿ ಓಡಾಟ ಇರಲಿಕ್ಕಿಲ್ಲ. ಕೆಲವು ದಿನ ಬಿಟ್ಟು ನೋಡಿದಾಗ ಒಡೆದ ಜಾಗಕ್ಕೆ ಹಸಿ ಮಣ್ಣು ಮೆತ್ತಿದ್ದರೆ ಗೂಡು ಜೀವಂತ. ಮಣ್ಣಿನ ಬದಲು ಮರದಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದು ಗುಂಡುಸೂಜಿಯಷ್ಟು ತೂತು ಕಾಣುತ್ತಿದ್ದರೆ ಅದು ಗೆದ್ದಲಲ್ಲ, ಕುಟ್ಟೆ ಹುಳು. ಅದರ ವಾಸ ಆ ಮರದೊಳಗೇ. ಪಕ್ಕದ ಮನೆಗೆ ಚೀಟಿ ಬರೆಯುವ ಕೆಲಸ ಇರುವುದಿಲ್ಲ, ಆ ಪೀಠೋಪಕರಣಕ್ಕಷ್ಟೇ ಮದ್ದು ಮಾಡಿದರಾಯಿತು.

ಈಗಾಗಲೇ ಕಟ್ಟಿ ಮುಗಿದ ಮನೆಗಳಿಗೆ ಗೆದ್ದಲಿನ ಔಷಧಿ ಹೇಗೆ ಹಾಕಬೇಕು ಎಂಬುದಕ್ಕೆ ಭಾರತೀಯ ಮಾನಕ ಬ್ಯೂರೋದ ನಿಯಮವೇ ಇದೆ: ಐಎಸ್ 6313, ಮೂರನೇ ಭಾಗ. ಕೊಟೇಶನ್ ಕೇಳುವಾಗ ಈ ಸಂಖ್ಯೆ ಹೇಳಿ ನೋಡಿ, ಎದುರಿನವರ ಮಾತಿನ ಧಾಟಿಯೇ ಬದಲಾಗುತ್ತದೆ. ನೆಲ ಮತ್ತು ಗೋಡೆ ಸೇರುವ ಮೂಲೆಯುದ್ದಕ್ಕೂ 300 ಮಿಲಿಮೀಟರ್, ಅಂದರೆ ಸುಮಾರು ಒಂದಡಿಗೊಂದರಂತೆ 12 ಮಿಲಿಮೀಟರ್ ಅಗಲದ ತೂತು ಕೊರೆದು, ಒಂದೊಂದು ತೂತಿಗೂ ಹೆಚ್ಚೆಂದರೆ ಒಂದು ಲೀಟರಿನಂತೆ ಔಷಧಿ ಇಳಿಸುವುದು ಅದರ ತಿರುಳು. ಚೌಕಟ್ಟಿನ ಮರಕ್ಕೆ 6 ಮಿಲಿಮೀಟರಿನ ಸಣ್ಣ ತೂತು ಓರೆಯಾಗಿ ಕೊರೆದು ಬೇರೆಯಾಗಿ ಔಷಧಿ ಕುಡಿಸುತ್ತಾರೆ.

ನಮ್ಮ ಎರಡು ಮನೆಗಳ ಲೆಕ್ಕವನ್ನೇ ಹಾಕೋಣ. ನಡುವಿನ ಗೋಡೆ 12 ಅಡಿ ಉದ್ದ. ಬೆಡ್‌ರೂಮಿನ ಕಡೆ 12 ತೂತು, ಹಾಲ್ ಕಡೆ 12 ತೂತು, ಒಟ್ಟು 24 ಲೀಟರ್ ದ್ರಾವಣ. ಇವತ್ತು ಹೆಚ್ಚಾಗಿ ಬಳಸುವ ಇಮಿಡಾಕ್ಲೋಪ್ರಿಡ್ 30.5 ಶೇಕಡಾದ ಡಬ್ಬಿಯಿಂದ ಲೀಟರ್ ನೀರಿಗೆ 2.1 ಮಿಲಿಲೀಟರ್ ಬೆರೆಸಬೇಕು. ಅಂದರೆ 24 ಲೀಟರಿಗೆ ಬೇಕಾಗುವ ಔಷಧಿ ಸುಮಾರು 50 ಮಿಲಿಲೀಟರ್ ಅಷ್ಟೇ. ಕ್ಲೋರ್‌ಪೈರಿಫಾಸ್ 20 ಶೇಕಡಾದ್ದಾದರೆ ಒಂದು ಲೀಟರಿಗೆ 19 ಲೀಟರ್ ನೀರು, ಅಂದರೆ ಇದೇ ಗೋಡೆಗೆ 1.2 ಲೀಟರ್ ಬೇಕು. ವಾಸನೆ ತಡೆಯುವುದು ಕಷ್ಟ, ವಯಸ್ಸಾದವರು, ಮಕ್ಕಳು ಇರುವ ಮನೆಗೆ ನಾನಂತೂ ಅದನ್ನು ಹೇಳುವುದಿಲ್ಲ. ಇಮಿಡಾಕ್ಲೋಪ್ರಿಡ್‌ನ ಗುಣವೇ ಬೇರೆ: ಗೆದ್ದಲಿಗೆ ಅದರ ಸುಳಿವು ಹತ್ತುವುದಿಲ್ಲ. ಔಷಧಿ ತಾಗಿದ ಮಣ್ಣಿನಲ್ಲಿ ಎಂದಿನಂತೆ ಓಡಾಡಿ, ಒಂದನ್ನೊಂದು ನೆಕ್ಕಿ, ಉಣಿಸಿ, ಗೂಡಿನ ಉಳಿದವಕ್ಕೂ ಹಂಚುತ್ತವೆ. ಬೈಫೆನ್‌ಥ್ರಿನ್‌ನಂಥವು ಇದಕ್ಕೆ ತದ್ವಿರುದ್ಧ, ಗೆದ್ದಲು ಅದನ್ನು ಗುರುತಿಸಿ ದೂರ ಸರಿಯುತ್ತದೆ. ಸುತ್ತ ಬಯಲಿರುವ ಒಂಟಿ ಮನೆಗೆ ಅದು ಬೇಲಿಯಾಗಬಹುದು. ಗೋಡೆ ಹಂಚಿಕೊಂಡ ಫ್ಲಾಟಿನಲ್ಲಿ ಒಂದು ಬದಿಗೆ ಮಾತ್ರ ಹೊಡೆದರೆ ಸೀಮೆಎಣ್ಣೆಯ ಕಥೆಯೇ ಮತ್ತೆ. ಯಾವ ಔಷಧಿ ಹಾಕುತ್ತೀರಿ ಎಂದು ಕೇಳಿ, ಡಬ್ಬಿಯ ಮೇಲಿನ ಹೆಸರು ಓದಿ, ಕಣ್ಣೆದುರಿಗೇ ಬೆರೆಸಲು ಹೇಳಿ.

ಕೆಲಸ ಕೆಡುವುದು ಹೆಚ್ಚಾಗಿ ಡ್ರಿಲ್ಲಿನಲ್ಲಿ. ನೆಲಮಹಡಿಯಲ್ಲಿ ಟೈಲ್ಸ್, ಅದರಡಿಯ ಕಾಂಕ್ರೀಟ್ ದಾಟಿ ಬಿಟ್ ಮಣ್ಣು ಮುಟ್ಟಬೇಕು. ಮುಟ್ಟದಿದ್ದರೆ ಗೊತ್ತಾಗುತ್ತದೆ: ಒತ್ತಿದ ಔಷಧಿ ಇಳಿಯದೆ ಕೂಡಲೇ ತೂತಿನಿಂದ ಉಕ್ಕಿ ಬರುತ್ತದೆ. ಅಂಥ ತೂತನ್ನು ಹಾಗೇ ಬಿಳಿ ಸಿಮೆಂಟಿನಿಂದ ಮುಚ್ಚಲು ಬಿಡಬೇಡಿ, ಇನ್ನಷ್ಟು ಕೊರೆಸಿ. ಗೋಡೆಯೊಳಗಿನ ವೈರ್ ಮತ್ತು ನೀರಿನ ಪೈಪ್ ಎಲ್ಲಿ ಹಾಯ್ದಿದೆ ಎಂದು ಮೊದಲೇ ತೋರಿಸಿ, ಎರಡೂ ಮನೆಯ ಮೇನ್ ಆಫ್ ಮಾಡಿ. ಗೆರೆ ಬೋರ್ಡಿನೊಳಗೆ ಹೋಗಿದೆಯೆಂದು ಅದರೊಳಕ್ಕೆ ನೀರಿನ ದ್ರಾವಣ ಹೊಡೆಯುವಂತಿಲ್ಲ, ಎಲೆಕ್ಟ್ರಿಷಿಯನ್‌ನಿಂದ ಬೋರ್ಡ್ ಬಿಚ್ಚಿಸಿ ಒಣ ಮಣ್ಣು ತೆಗೆಸಬೇಕು. ನೆಲದಡಿಯ ಸಂಪ್ ಹತ್ತಿರವಿದ್ದರೆ ಆ ಬದಿಯ ತೂತುಗಳನ್ನು ಕೈಬಿಡುವುದೇ ಸರಿ. ಮೀನಿನ ತೊಟ್ಟಿ ಇದ್ದರೆ ಆ ದಿನ ಬೇರೆ ಕೋಣೆಗೆ ಸಾಗಿಸಿ.

ಮೇಲಿನ ಮಹಡಿಗಳ ಕಥೆ ಬೇರೆ. ಅಲ್ಲಿ ನೆಲ ಕೊರೆದರೆ ಸಿಗುವುದು ಕೆಳಗಿನ ಮನೆಯ ಸೂರು, ಮಣ್ಣಲ್ಲ. ಗೆದ್ದಲು ಡಕ್ಟ್‌ನೊಳಗಿನ ಕೊಳವೆಗಳ ಜೊತೆ ಹತ್ತಿ ಬಂದಿರುತ್ತದೆ, ಹುಡುಕಬೇಕಾದದ್ದು ಡಕ್ಟ್‌ನ ಬುಡದಲ್ಲಿ. ಅಪರೂಪಕ್ಕೆ, ಮೇಲೆಯೇ ಎಡೆಬಿಡದೆ ಸೋರುವ ಜಾಗವಿದ್ದರೆ ನೆಲದ ನಂಟೇ ಇಲ್ಲದೆ ಅಲ್ಲೇ ಗೂಡು ಮಾಡಿಕೊಳ್ಳುವುದೂ ಉಂಟು.

ಇನ್ನು ಖರ್ಚು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳನ್ನು ಎಲ್ಲರಿಗೂ ಸೇರಿದ ಸಾಮಾನ್ಯ ಭಾಗವೆಂದು ಎಣಿಸುತ್ತದೆ. ಗೆದ್ದಲಿನ ಮೂಲ ಅಡಿಪಾಯದ ಸುತ್ತಲಿನ ಮಣ್ಣಿನಲ್ಲಿದೆ ಎಂದ ಮೇಲೆ ಹೊರಗಿನ ಮಣ್ಣಿಗೆ, ಡಕ್ಟ್‌ಗೆ ಔಷಧಿ ಹಾಕಿಸುವ ಭಾರ ಅಸೋಸಿಯೇಷನ್ ಹೊರಬೇಕೆಂದು ಕೇಳುವುದರಲ್ಲಿ ನ್ಯಾಯವಿದೆ. ಒಳಗಿನ ಗೋಡೆ, ಚೌಕಟ್ಟು, ವಾರ್ಡ್‌ರೋಬಿನ ಖರ್ಚು ಆಯಾ ಮನೆಯವರದು. ಸೆಕ್ರೆಟರಿಯ ಎದುರು ಮಾತಾಡೋಣ ಎಂದು ಚೀಟಿಯಲ್ಲಿ ಬರೆದದ್ದು ಇದಕ್ಕೇ. ಗ್ಯಾರಂಟಿ ಪತ್ರದಲ್ಲಿ ಎರಡೂ ಫ್ಲಾಟಿನ ನಂಬರ್, ಔಷಧಿಯ ಹೆಸರು, ಹಾಕಿದ ಪ್ರಮಾಣ ಬರೆಸಿಕೊಳ್ಳಿ. ಒಂದೇ ಮನೆಯ ಹೆಸರಿದ್ದರೆ, ನಾಳೆ ಆಚೆ ಬದಿಯಲ್ಲಿ ಗೆರೆ ಕಂಡಾಗ ಕಂಪನಿಯವರು ಅದು ನಮ್ಮ ಕೆಲಸವಲ್ಲ ಎಂದುಬಿಡುತ್ತಾರೆ.

ಇಮಿಡಾಕ್ಲೋಪ್ರಿಡ್ ಪೂರ್ತಿ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ, ಮರುದಿನವೇ ಹುಳು ಕಂಡಿತೆಂದು ಫೋನ್ ಮಾಡಿ ಬೈಯುವುದು ಬೇಡ. ಹಳೆಯ ಗೆರೆಯನ್ನು ಸಂಪೂರ್ಣ ಕೆರೆದು ತೆಗೆಯುವುದು ಆಮೇಲೆ. ಆ ನಂತರ ಅದೇ ಜಾಗದಲ್ಲಿ ಹಸಿ ಮಣ್ಣು ಮತ್ತೆ ಕಂಡರೆ ಔಷಧಿ ತಲುಪದ ಹಾದಿಯೊಂದು ಉಳಿದಿದೆ ಎಂದರ್ಥ, ಗ್ಯಾರಂಟಿಯವರನ್ನು ಕರೆಸಬೇಕು. ಅಷ್ಟರೊಳಗೆ ಬಾತ್‌ರೂಮಿನ ಸೋರಿಕೆಗೆ ಪ್ಲಂಬರ್ ಬಂದು ಹೋಗಿರಲಿ, ವಾರ್ಡ್‌ರೋಬ್ ಮತ್ತು ಟಿ.ವಿ. ಯೂನಿಟ್ ಗೋಡೆಯಿಂದ ಎರಡಂಗುಲ ಈಚೆಗೆ ನಿಂತಿರಲಿ.