ಮೂರನೇ ಸಲ ಕೆಟ್ಟ ಫ್ರಿಜ್ಜಿಗೆ ಒಂದು ಪುಟದ ಪತ್ರ

ಫ್ರಿಜ್ ಮೂರನೇ ಸಲ ಕೆಟ್ಟಿದೆ. ಬಂದ ಮೆಕ್ಯಾನಿಕ್ ‘ವಾರಂಟಿ ಮುಗಿದಿದೆ, ಗ್ಯಾಸ್ ತುಂಬಬೇಕಾದರೆ ದುಡ್ಡು ಕೊಡಿ’ ಎನ್ನುತ್ತಾನೆ. ಹೆಚ್ಚಿನ ಮನೆಗಳಲ್ಲಿ ಸ್ವಲ್ಪ ಹೊತ್ತು ವಾದ ನಡೆದು ಕೊನೆಗೆ ದುಡ್ಡು ಕೈಬಿಡುತ್ತದೆ. ದುಡ್ಡು ಕೊಡುವ ಮೊದಲು ಕಂಪನಿಗೆ ಒಂದು ಪುಟದ ಪತ್ರ ಬರೆಯುವುದು ಒಳ್ಳೆಯದು. ಅದು ಗೆಲ್ಲುವುದೂ ಸೋಲುವುದೂ ಅದರಲ್ಲಿರುವ ತಾರೀಕುಗಳ ಮೇಲೆ.

ಹೀಗೊಂದು ಪ್ರಕರಣ ಇಟ್ಟುಕೊಳ್ಳೋಣ. ಸಿಂಗಲ್ ಡೋರ್ ಫ್ರಿಜ್ ಕೊಂಡದ್ದು 14 ನವೆಂಬರ್ 2024ರಂದು. ಒಂದು ವರ್ಷದ ವಾರಂಟಿ 13 ನವೆಂಬರ್ 2025ಕ್ಕೆ ಮುಗಿಯುತ್ತದೆ. ಜೂನ್ 2ರಂದು ಮೊದಲ ದೂರು, ಗ್ಯಾಸ್ ತುಂಬಿ ಹೋದರು. ಆಗಸ್ಟ್ 20ಕ್ಕೆ ಮತ್ತೆ ಅದೇ ತೊಂದರೆ. ಥರ್ಮೋಸ್ಟಾಟ್ ಬದಲಿಸಿ ಮತ್ತೆ ಗ್ಯಾಸ್ ತುಂಬಿದರು. ಮೂರನೇ ದೂರು ನವೆಂಬರ್ 5ಕ್ಕೆ ದಾಖಲಾಯಿತು, ಮೆಕ್ಯಾನಿಕ್ ಬಂದದ್ದು 17ಕ್ಕೆ. ಅವನು ತಾನು ಬಂದ ದಿನವನ್ನು ಲೆಕ್ಕ ಹಿಡಿಯುತ್ತಾನೆ. ಪತ್ರ ಹಿಡಿಯಬೇಕಾದದ್ದು ದೂರು ದಾಖಲಾದ ದಿನವನ್ನು. ತಡ ಮಾಡಿದ್ದು ಕಂಪನಿ, ಗ್ರಾಹಕರಲ್ಲ. ‘ಕಂಪ್ರೆಸರಿಗೆ ಹತ್ತು ವರ್ಷ’ ಎಂಬ ಜಾಹೀರಾತನ್ನು ನಂಬಿ ಈ ಮೊದಲ ವರ್ಷವನ್ನು ಸಡಿಲ ಬಿಡಬಾರದು. ಆ ಭರವಸೆ ಸಾಮಾನ್ಯವಾಗಿ ಕಂಪ್ರೆಸರ್ ಎಂಬ ಬಿಡಿಭಾಗಕ್ಕೆ ಮಾತ್ರ. ಗ್ಯಾಸು, ಕೂಲಿ ಅದರಲ್ಲಿ ಸೇರಿರುವುದಿಲ್ಲ.

ಇನ್ನು ದೋಷದ ವಿವರ. ‘ಫ್ರಿಜ್ ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ಕಣ್ಣಿಗೆ ಕಂಡದ್ದನ್ನು ಬರೆಯಿರಿ: ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ಫ್ರೀಜರಿನ ಒಂದು ಮೂಲೆಯಲ್ಲಷ್ಟೇ ಹಿಮ ಕಟ್ಟುತ್ತಿದೆ, ಉಳಿದ ಭಾಗ ಒಣಗಿದೆ, ರಾತ್ರಿ ಇಟ್ಟ ಹಾಲು ಬೆಳಗ್ಗೆಗೆ ಒಡೆಯುತ್ತಿದೆ. ಹಿಮ ಹೀಗೆ ಒಂದೇ ಕಡೆ ಕಟ್ಟುವುದು ಗ್ಯಾಸ್ ಕಡಿಮೆಯಾದದ್ದರ ಗುರುತು ಎಂದು ಕೆಲಸ ಬಲ್ಲ ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಅದರ ಫೋಟೊ ತೆಗೆದಿಡಿ.

ಪತ್ರದ ನಿಜವಾದ ಬಲ ಇರುವುದು ಇಲ್ಲೇ. ಫ್ರಿಜ್ಜಿನ ಗ್ಯಾಸ್ ಬಳಸಿದಂತೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ವರ್ಷಗಟ್ಟಲೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕಿ ಮುಚ್ಚದೆ ಮತ್ತೆ ಮತ್ತೆ ತುಂಬಿದರೆ ಕೆಲವು ವಾರ ತಣ್ಣಗಾಗುತ್ತದೆ, ದೋಷ ಹಾಗೇ ಉಳಿಯುತ್ತದೆ. ಸೋರಿಕೆ ಗೋಡೆಯ ಫೋಮಿನೊಳಗೆ ಹುದುಗಿದ ಕೊಳವೆಯಲ್ಲಿದ್ದರೆ ಅದನ್ನು ರಿಪೇರಿ ಮಾಡುವುದೇ ಕಷ್ಟ. ಬೇರೆ ಫ್ರಿಜ್ ಕೇಳಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ. ಪತ್ರದ ಮುಖ್ಯ ಭಾಗ ಹೀಗಿರಲಿ:

‘ಮಾನ್ಯರೇ, 14-11-2024ರಂದು ಕೊಂಡ ಫ್ರಿಜ್ಜಿನಲ್ಲಿ ಒಂದೇ ದೋಷ ಮೂರು ಸಲ ಕಾಣಿಸಿಕೊಂಡಿದೆ. 2-6-2025 ಮತ್ತು 20-8-2025ರ ದೂರುಗಳಿಗೆ ನಿಮ್ಮ ಸಿಬ್ಬಂದಿ ಗ್ಯಾಸ್ ತುಂಬಿದ್ದಾರೆ. ಸೋರಿಕೆ ಪರೀಕ್ಷಿಸಿದ ದಾಖಲೆ ಕೊಟ್ಟಿಲ್ಲ. ಮೂರನೇ ದೂರು 5-11-2025ರಂದು, ವಾರಂಟಿ ಅವಧಿಯೊಳಗೇ ದಾಖಲಾಗಿದೆ. ಆದ್ದರಿಂದ ಫ್ರಿಜ್ ಬದಲಿಸಿಕೊಡಿ, ಇಲ್ಲವೇ ಪೂರ್ತಿ ಹಣ ಹಿಂತಿರುಗಿಸಿ. 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ.’

ಮಾಡೆಲ್ ನಂಬರ್, ಸೀರಿಯಲ್ ನಂಬರ್ ಮತ್ತು ಮೂರೂ ದೂರುಗಳ ಸಂಖ್ಯೆ ಪತ್ರದ ತಲೆಯಲ್ಲೇ ಇರಲಿ. ಬಿಲ್ಲಿನ ಜೆರಾಕ್ಸ್ ಮಾತ್ರ ಕಳಿಸಿ, ಅಸಲು ನಿಮ್ಮಲ್ಲೇ ಇರಲಿ. ಥರ್ಮಲ್ ಕಾಗದದ ಬಿಲ್ಲಾದರೆ ವರ್ಷ ಕಳೆಯುವಷ್ಟರಲ್ಲಿ ಅಕ್ಷರ ಮಾಸಬಹುದು, ಕೊಂಡ ವಾರವೇ ಅದರ ಫೋಟೊ ಇಟ್ಟುಕೊಳ್ಳಿ. ಕಂಪನಿಗೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಒಂದು ಪ್ರತಿ ಅಂಗಡಿಯವರಿಗೂ ಹೋಗಲಿ.

ಹಿಂದಿನ ರಿಪೇರಿಗಳಿಗೆ ಸಾಕ್ಷಿಯೇ ಇಲ್ಲದೆ ಎಷ್ಟೋ ಪತ್ರಗಳು ಸೊರಗುತ್ತವೆ. ಮೆಕ್ಯಾನಿಕ್ ಹೊರಡುವಾಗ ಒಟಿಪಿ ಕೇಳುತ್ತಾನೆ, ಹೇಳಿದ ಕೂಡಲೇ ದೂರು ‘ಬಗೆಹರಿದಿದೆ’ ಎಂದು ಮುಚ್ಚಿಹೋಗುತ್ತದೆ. ಫ್ರಿಜ್ ತಣ್ಣಗಾಗುವುದನ್ನು ನೋಡದೆ ಒಟಿಪಿ ಕೊಡಬೇಡಿ. ಏನು ಮಾಡಿದರು ಎಂಬುದನ್ನು ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ಅದು ಸಿಗದಿದ್ದರೆ ಅಂದೇ ಕಸ್ಟಮರ್ ಕೇರಿಗೆ ‘ಇವತ್ತು ಗ್ಯಾಸ್ ತುಂಬಿದ್ದಾರೆ’ ಎಂದು ಒಂದು ಸಾಲು ಇಮೇಲ್ ಹಾಕಿ. ಮುಂದೆ ಅದೇ ದಾಖಲೆಯಾಗುತ್ತದೆ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಬೇಕೆಂದೇನಿಲ್ಲ, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು, ಪತ್ರದ ಪ್ರತಿ ಮತ್ತು ಅಂಚೆ ರಸೀದಿಯನ್ನು ಅದರ ಜೊತೆಗೇ ಲಗತ್ತಿಸಬೇಕು.